ಬಾಣ ಎಳೆಯುವ ಮುಂಚೆ: ಅಯಾನಿಕ ಸಂಯುಕ್ತಗಳ ಸೂತ್ರ, ಹೆಸರು ಮತ್ತು ಕ್ರಿಸ್‌ಕ್ರಾಸ್ ದಾರಿ ತಪ್ಪಿಸುವ ಜಾಗಗಳು

ಧಾರವಾಡ, ಗದಗ, ಹಾವೇರಿ ಕಡೆಯ ಯಾವ ಹೈಸ್ಕೂಲು ಹುಡುಗರ ವಿಜ್ಞಾನದ ನೋಟ್‌ಬುಕ್ ತೆರೆದರೂ ಒಂದು ಚಿತ್ರ ಸಿಗುತ್ತದೆ. ಮೇಲೆ ಎರಡು ಸಂಕೇತ, ಅವುಗಳ ಕೆಳಗೆ ಎರಡು ಅಂಕಿ, ನಡುವೆ ಗುಣಾಕಾರದ ಗುರುತಿನಂತೆ ಹಾಯ್ದ ಎರಡು ಬಾಣ. ಇದೇ ಕ್ರಿಸ್‌ಕ್ರಾಸ್. ಇದರ ಅಂಕಿ ಅದಕ್ಕೆ, ಅದರ ಅಂಕಿ ಇದಕ್ಕೆ ಕೊಟ್ಟರೆ ಸೂತ್ರ ಸಿದ್ಧ. ಬಹಳಷ್ಟು ಸಲ ಉತ್ತರವೂ ಸರಿಯಾಗಿಯೇ ಬರುತ್ತದೆ. ತೊಂದರೆ ಏನೆಂದರೆ, ತಪ್ಪಿದಾಗಲೂ ಉತ್ತರ ನೋಡುವುದಕ್ಕೆ ಸರಿಯಾದ ಸೂತ್ರದಂತೆಯೇ ಇರುತ್ತದೆ. ಬಾಣ ಎಳೆದವರಿಗೆ ಅನುಮಾನವೇ ಬರುವುದಿಲ್ಲ.

ಹಾಗಾಗಿ ಬಾಣದ ಹಿಂದೆ ಇರುವ ಲೆಕ್ಕವನ್ನು ಮೊದಲು ನೋಡೋಣ, ಬಾಣವನ್ನು ಆಮೇಲೆ.

ಸೂತ್ರ ಹೇಳುವುದು ಒಂದೇ ಮಾತು

ಅಯಾನಿಕ ಸಂಯುಕ್ತದಲ್ಲಿ ಧನ ಅಯಾನುಗಳೂ ಋಣ ಅಯಾನುಗಳೂ ಇರುತ್ತವೆ, ಆದರೆ ಇಡೀ ವಸ್ತುವಿಗೆ ಆವೇಶ ಇರುವುದಿಲ್ಲ. ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಕರೆಂಟ್ ಹೊಡೆಯುವುದಿಲ್ಲವಲ್ಲ. ಒಟ್ಟು ಧನ ಆವೇಶ ಮತ್ತು ಒಟ್ಟು ಋಣ ಆವೇಶ ಸರಿಸಮ ಆಗಬೇಕಾದರೆ ಪ್ರತಿ ಅಯಾನು ಕನಿಷ್ಠ ಎಷ್ಟೆಷ್ಟು ಬೇಕು ಎಂಬುದನ್ನಷ್ಟೇ ಸೂತ್ರ ಹೇಳುತ್ತದೆ. ಸೋಡಿಯಂ ಕ್ಲೋರೈಡಿನ ಹರಳಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಸೇರಿ ಆದ ಬಿಡಿ ಜೋಡಿಗಳಿಲ್ಲ. ಲೆಕ್ಕವಿಲ್ಲದಷ್ಟು Na⁺ ಮತ್ತು Cl⁻ ಸಾಲುಗಟ್ಟಿ ನಿಂತಿರುತ್ತವೆ. NaCl ಎಂದು ಬರೆದದ್ದು ಅವುಗಳ ಅನುಪಾತ. ಇದು ಅನುಪಾತ ಎನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಈಗ ಸೂತ್ರ ಬರೆಯುವ ಕ್ರಮ. ಕ್ಯಾಲ್ಸಿಯಂ ಫಾಸ್ಫೇಟ್ ತೆಗೆದುಕೊಳ್ಳಿ. ಮೊದಲು ಎರಡೂ ಅಯಾನುಗಳನ್ನು ಆವೇಶದ ಸಮೇತ ಬರೆಯಿರಿ: Ca²⁺, PO₄³⁻. ಬರೀ ವೇಲೆನ್ಸಿ ಬರೆದು ಸಾಕು ಮಾಡಬೇಡಿ, ಧನ ಋಣ ಚಿಹ್ನೆಯೂ ಇರಲಿ. ಎರಡನೆಯದಾಗಿ, 2 ಮತ್ತು 3ರ ಲ.ಸಾ.ಅ. ತೆಗೆಯಿರಿ. ಅದು 6. ಮೂರನೆಯದಾಗಿ, +6 ಆಗಲು ಎಷ್ಟು ಕ್ಯಾಲ್ಸಿಯಂ ಬೇಕು ಎಂದು ಕೇಳಿಕೊಳ್ಳಿ: ಮೂರು. −6 ಆಗಲು ಎಷ್ಟು ಫಾಸ್ಫೇಟ್? ಎರಡು. ನಾಲ್ಕನೆಯದಾಗಿ, ಧನ ಅಯಾನು ಮೊದಲು, ಋಣ ಅಯಾನು ನಂತರ ಇಟ್ಟು ಈ ಎಣಿಕೆಗಳನ್ನು ಕೆಳಗೆ ಸಣ್ಣದಾಗಿ ಬರೆಯಿರಿ: Ca₃(PO₄)₂. ಆವೇಶದ ಚಿಹ್ನೆಗಳು ಸೂತ್ರದಲ್ಲಿ ಉಳಿಯಬಾರದು.

ಕೊನೆಗೆ ಒಂದು ತಾಳೆ: 3 × (+2) = +6, 2 × (−3) = −6, ಕೂಡಿದರೆ ಸೊನ್ನೆ. ಈ ಒಂದು ಸಾಲನ್ನು ಉತ್ತರದ ಪಕ್ಕದಲ್ಲಿ ಬರೆಯುವ ರೂಢಿ ಮಾಡಿಕೊಂಡ ಹುಡುಗರು ಈ ಪಾಠದಲ್ಲಿ ಅಂಕ ಕಳೆದುಕೊಳ್ಳುವುದು ಅಪರೂಪ.

ಫಾಸ್ಫೇಟಿಗೆ ಕಂಸ ಹಾಕಿದ್ದು ಯಾಕೆ? ಕೆಳಗಿನ ಅಂಕಿ ತನ್ನ ಎಡಕ್ಕೆ ತಾಗಿಕೊಂಡಿರುವ ಸಂಕೇತಕ್ಕೆ ಮಾತ್ರ ಅನ್ವಯಿಸುತ್ತದೆ. ಮನೆಗೆ ಬಳಿಯುವ ಸುಣ್ಣವನ್ನೇ ನೋಡಿ, ನೀರು ಹಾಕಿ ಅರಳಿಸಿದ ಮೇಲೆ ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದನ್ನು CaOH₂ ಎಂದು ಬರೆದರೆ ಒಂದು ಆಕ್ಸಿಜನ್, ಎರಡು ಹೈಡ್ರೊಜನ್ ಎಂದಾಗುತ್ತದೆ. ನಮಗೆ ಬೇಕಾದದ್ದು ಎರಡು OH⁻ ಗುಂಪು, ಅಂದರೆ Ca(OH)₂. ಗುಂಪು ಒಂದೇ ಇದ್ದಾಗ ಕಂಸ ಬೇಕಿಲ್ಲ, NaOH ಎಂದರೆ ಸಾಕು. ಧನ ಅಯಾನು ಗುಂಪಾಗಿದ್ದರೂ ಇದೇ ನಿಯಮ: ಅಮೋನಿಯಂ ಸಲ್ಫೇಟ್ ಎಂದರೆ (NH₄)₂SO₄.

ಬಾಣದ ದಾರಿ ಎಲ್ಲಿಯವರೆಗೆ ಸರಿ

ಮೇಲಿನ ಲೆಕ್ಕವನ್ನು ಒಂದೇ ಗೀಟಿನಲ್ಲಿ ಮುಗಿಸುವುದು ಕ್ರಿಸ್‌ಕ್ರಾಸ್. Ca²⁺ನ 2 ಫಾಸ್ಫೇಟಿಗೆ ಹೋಯಿತು, PO₄³⁻ನ 3 ಕ್ಯಾಲ್ಸಿಯಂಗೆ ಬಂತು, ಸೂತ್ರ ಅದೇ ಸಿಕ್ಕಿತು. ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಮಾತು ಬಂದಾಗಲೆಲ್ಲ ಕೇಳುವ ಫ್ಲೋರೈಡನ್ನು ಕ್ಯಾಲ್ಸಿಯಂ ಜೊತೆ ಸೇರಿಸಿ: Ca²⁺, F⁻, ಬಾಣ ಎಳೆದರೆ CaF₂. ಸರಿಯೇ.

ಇದು ಫಲಿಸುವ ಕಾರಣ ಸರಳ. ಧನದ ಎಣಿಕೆಯಾಗಿ ಋಣದ ಆವೇಶವನ್ನೂ, ಋಣದ ಎಣಿಕೆಯಾಗಿ ಧನದ ಆವೇಶವನ್ನೂ ಇಟ್ಟರೆ ಎರಡೂ ಕಡೆ ಒಂದೇ ಗುಣಲಬ್ಧ ಬರಲೇಬೇಕು. 3 × 2 ಮತ್ತು 2 × 3. ಆದರೆ ಹೀಗೆ ಸಿಗುವುದು ಬರೀ ಗುಣಲಬ್ಧ, ಅದು ಲ.ಸಾ.ಅ. ಆಗಿರಲೇಬೇಕು ಎಂದಿಲ್ಲ. ಮೊದಲ ಎಡವು ಇಲ್ಲೇ ಇದೆ.

ನವಲಗುಂದದ ಕಡೆ ಸವಳು ಭೂಮಿಗೆ ಹಾಕುವ ಜಿಪ್ಸಂನಲ್ಲಿ ಇರುವುದು Ca²⁺ ಮತ್ತು SO₄²⁻. ಬಾಣ ಎಳೆದರೆ Ca₂(SO₄)₂ ಬರುತ್ತದೆ. ಆವೇಶದ ತಾಳೆಯೂ ಸರಿ ಹೋಗುತ್ತದೆ, +4 ಮತ್ತು −4. ಆದರೂ ಸೂತ್ರ ತಪ್ಪು, ಏಕೆಂದರೆ ಅನುಪಾತವನ್ನು ಸಂಕ್ಷೇಪಿಸಿಲ್ಲ. 2:2 ಎಂದರೆ 1:1, ಸೂತ್ರ CaSO₄. ಜಿಪ್ಸಂ ಹರಳಿನಲ್ಲಿ ನೀರೂ ಇರುವುದರಿಂದ ಪೂರ್ತಿ ಬರೆದರೆ CaSO₄·2H₂O. ನೀರಿಗೆ ಆವೇಶವಿಲ್ಲ, ಹಾಗಾಗಿ ಅದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಸೀಸದ Pb⁴⁺ ಮತ್ತು O²⁻ ಸೇರಿದಾಗಲೂ ಹೀಗೆಯೇ, ಬಾಣ Pb₂O₄ ಕೊಡುತ್ತದೆ, ಸರಿಯಾದದ್ದು PbO₂.

ಇಷ್ಟನ್ನು ಶಾಲೆಯಲ್ಲಿ ಎಲ್ಲರೂ ಹೇಳಿಕೊಡುತ್ತಾರೆ: “ಬಾಣ ಎಳೆ, ಆಮೇಲೆ ಭಾಗಿಸು.” ಮುಂದಿನ ತಪ್ಪು ಹುಟ್ಟುವುದೇ ಈ ಸಲಹೆಯಿಂದ.

ಸೋಡಿಯಂ ಪೆರಾಕ್ಸೈಡಿನ ಸೂತ್ರ Na₂O₂. “ಭಾಗಿಸು” ಎಂಬ ಮಾತು ಕಿವಿಯಲ್ಲಿ ಇರುವ ವಿದ್ಯಾರ್ಥಿ ಇದನ್ನು NaO ಮಾಡಿಬಿಡುತ್ತಾನೆ. ಆದರೆ ಇಲ್ಲಿ ಕೆಳಗಿರುವ ಎರಡು ‘2’ಗಳು ಒಂದೇ ಜಾತಿಯವಲ್ಲ. ಸೋಡಿಯಂ ಪಕ್ಕದ 2 ಅಯಾನುಗಳ ಎಣಿಕೆ. ಆಕ್ಸಿಜನ್ ಪಕ್ಕದ 2 ಅಯಾನಿನ ಒಳಗಿನದು. ಪೆರಾಕ್ಸೈಡ್ ಅಯಾನು ಎಂದರೆ ಎರಡು ಆಕ್ಸಿಜನ್ ಪರಮಾಣುಗಳು ಪರಸ್ಪರ ಬಂಧಿಸಿಕೊಂಡು ಒಟ್ಟಾಗಿ −2 ಆವೇಶ ಹೊತ್ತ O₂²⁻. ಎರಡು Na⁺ ಮತ್ತು ಒಂದು O₂²⁻ ಎಂಬುದು ಆಗಲೇ 2:1, ಇನ್ನು ಸಂಕ್ಷೇಪಿಸಲು ಏನೂ ಉಳಿದಿಲ್ಲ. ಮರ್ಕ್ಯುರಿ(I) ಕ್ಲೋರೈಡ್ Hg₂Cl₂ ಕೂಡ ಇಂಥದ್ದೇ. ಅಲ್ಲಿ ಎರಡು ಪಾದರಸ ಪರಮಾಣುಗಳು ಅಂಟಿಕೊಂಡು Hg₂²⁺ ಎಂಬ ಒಂದೇ ಅಯಾನು ಆಗಿವೆ. ಅದಕ್ಕೆ ಬೇಕಾದದ್ದು ಎರಡು Cl⁻. HgCl ಎಂದು ಬರೆದರೆ ಆ ಅಯಾನನ್ನು ಒಡೆದಂತೆ. ಸೋಡಿಯಂ ಆಕ್ಸಲೇಟ್ Na₂C₂O₄ನಲ್ಲಿ ಎಲ್ಲ ಅಂಕಿಗಳೂ ಸಮಸಂಖ್ಯೆ ಎಂದು ಎರಡರಿಂದ ಭಾಗಿಸುವ ಆಸೆ ಆಗುತ್ತದೆ, ಆದರೆ C₂O₄²⁻ ಮುಟ್ಟಬಾರದ ಒಂದು ಘಟಕ.

ಇದಕ್ಕೆ ನಾನು ಕಂಡ ಖಾತ್ರಿ ಉಪಾಯ ಎಂದರೆ ಸಂಕ್ಷೇಪಿಸುವ ಕೆಲಸವನ್ನು ಸೂತ್ರ ಬರೆದ ಮೇಲೆ ಮಾಡದೆ, ಬರೆಯುವ ಮುಂಚೆಯೇ ಮುಗಿಸುವುದು. ಎರಡು ಅಯಾನುಗಳ ಎಣಿಕೆಯನ್ನು ಪಕ್ಕದಲ್ಲಿ ಅನುಪಾತವಾಗಿ ಬರೆಯಿರಿ, ಅಲ್ಲೇ ಚಿಕ್ಕದು ಮಾಡಿ, ಆಮೇಲೆ ಸೂತ್ರಕ್ಕೆ ಹೋಗಿ. ಹಾಗೆ ಮಾಡಿದರೆ ಅಯಾನಿನ ಒಳಗಿನ ಅಂಕಿಗೆ ಕೈ ತಗಲುವ ಪ್ರಶ್ನೆಯೇ ಬರುವುದಿಲ್ಲ. ಲ.ಸಾ.ಅ. ಹಿಡಿದು ಹೋದವರಿಗಂತೂ ಚಿಕ್ಕದು ಮಾಡುವ ಹಂತವೇ ಇಲ್ಲ.

ಡಿಎಪಿ ಚೀಲದ ಪ್ರಶ್ನೆ

ಮೇಲಿನವು ಬಾಣದ ತಪ್ಪುಗಳು. ಬಾಣ ಸರಿಯಾಗಿ ಎಳೆದೂ ಉತ್ತರ ತಪ್ಪುವ ಇನ್ನೊಂದು ಬಗೆ ಇದೆ, ಅದನ್ನು ಹಿಡಿಯುವುದು ಕಷ್ಟ. ಅಣ್ಣಿಗೇರಿ ಕಡೆಯ ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದಲೇ ಅದನ್ನು ಹೇಳುತ್ತೇನೆ. ಅಮೋನಿಯಂ ಫಾಸ್ಫೇಟಿನ ಸೂತ್ರ ಬರೆಯಲು ಹೇಳಿದ್ದೆ. ಅವನು (NH₄)₃PO₄ ಎಂದು ಚೊಕ್ಕಾಗಿ ಬರೆದ, ಬರೆದು ಸುಮ್ಮನೆ ಕೂಡಲಿಲ್ಲ.

“ಸರ, ನಮ್ಮಪ್ಪ ತಂದಿದ್ದ ಡಿಎಪಿ ಚೀಲದ ಮ್ಯಾಲೆ ‘ಡೈ ಅಮೋನಿಯಂ ಫಾಸ್ಫೇಟ್’ ಅಂತ ಐತಿ. ನಂದರಾಗ ಅಮೋನಿಯಂ ಮೂರು ಬಂದಾವು. ಚೀಲ ತಪ್ಪೋ, ನಾ ತಪ್ಪೋ?”

ಚೀಲವೂ ತಪ್ಪಲ್ಲ, ಅವನೂ ತಪ್ಪಲ್ಲ. NH₄⁺ ಮತ್ತು PO₄³⁻ ಸೇರಿದರೆ (NH₄)₃PO₄ ಆಗುವುದು ನಿಜ. ಆದರೆ ಡಿಎಪಿಯಲ್ಲಿ ಇರುವುದು PO₄³⁻ ಅಲ್ಲ.

ಕಾರ್ಖಾನೆಯಲ್ಲಿ ಡಿಎಪಿ ತಯಾರಾಗುವುದು ಫಾಸ್ಫಾರಿಕ್ ಆಮ್ಲ H₃PO₄ ಜೊತೆ ಅಮೋನಿಯ ವರ್ತಿಸಿದಾಗ. ಆಮ್ಲದಲ್ಲಿ ಬಿಟ್ಟುಕೊಡಬಹುದಾದ ಹೈಡ್ರೊಜನ್ ಮೂರು. ಒಂದು ಅಮೋನಿಯ ಅಣು ಒಂದು H⁺ ತೆಗೆದುಕೊಂಡು NH₄⁺ ಆಗುತ್ತದೆ. ಒಂದು H⁺ ಹೋದರೆ ಉಳಿಯುವುದು H₂PO₄⁻. ಎರಡು ಹೋದರೆ HPO₄²⁻. ಮೂರೂ ಹೋದರೆ PO₄³⁻. ಉಳಿದುಕೊಂಡ ಪ್ರತಿ H⁺ ಫಾಸ್ಫೇಟಿನ ಋಣ ಆವೇಶವನ್ನು ಒಂದೊಂದು ಕಡಿಮೆ ಮಾಡುತ್ತದೆ ಎಂದು ನೆನಪಿಟ್ಟರೆ ಮೂರೂ ಅಯಾನುಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಡಿಎಪಿಯಲ್ಲಿ ಎರಡು ಅಮೋನಿಯಂ, ಅಂದರೆ ಎರಡು H⁺ ಹೋಗಿವೆ, ಋಣ ಅಯಾನು HPO₄²⁻. ಈಗ ಅದೇ ಬಾಣ ಎಳೆಯಿರಿ: NH₄⁺, HPO₄²⁻, ಅನುಪಾತ 2:1, ಸೂತ್ರ (NH₄)₂HPO₄. ತಾಳೆ: 2 × (+1) + (−2) = 0.

“ಇದು ಖರೆ ಅಂತ ಹೆಂಗ ಗೊತ್ತಾಗಬೇಕ್ರಿ?” ಎಂದು ಅವನೇ ಮತ್ತೆ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಚೀಲದ ಮೇಲೆಯೇ ಇದೆ: 18-46-0. ಮೊದಲನೆಯದು ನೂರು ಭಾಗ ಗೊಬ್ಬರದಲ್ಲಿ ಸಾರಜನಕ ಎಷ್ಟು ಎಂಬುದು. ಎರಡನೆಯದು ರಂಜಕ, ಆದರೆ ಗೊಬ್ಬರದ ವ್ಯವಹಾರದಲ್ಲಿ ಅದನ್ನು P₂O₅ ಲೆಕ್ಕದಲ್ಲಿ ಹೇಳುವ ರೂಢಿ. ಮೂರನೆಯದು ಪೊಟ್ಯಾಷ್, K₂O ಲೆಕ್ಕದಲ್ಲಿ.

ಎರಡೂ ಸೂತ್ರಗಳನ್ನು ಈ ಅಂಕಿಗಳ ಎದುರು ಇಡೋಣ. N 14, H 1, P 31, O 16 ಎಂದು ಹಿಡಿಯಿರಿ. (NH₄)₂HPO₄ನ ಒಟ್ಟು ತೂಕ 28 + 9 + 31 + 64 = 132. ಅದರಲ್ಲಿ ಸಾರಜನಕ 28, ಅಂದರೆ ಶೇ. 21.2. P₂O₅ನ ತೂಕ 142, ಅದರಲ್ಲಿ P ಎರಡು, ಹಾಗಾಗಿ ಒಂದು P ಪಾಲಿಗೆ 71. 132ರಲ್ಲಿ 71 ಎಂದರೆ ಶೇ. 53.8. ಚೀಲದ ಅಂಕಿಗಳು ಇದಕ್ಕಿಂತ ಕಡಿಮೆ ಇವೆ, ಯಾಕೆಂದರೆ ಗೊಬ್ಬರ ಲ್ಯಾಬಿನ ಶುದ್ಧ ರಾಸಾಯನಿಕ ಅಲ್ಲ. ಆದರೆ ಎರಡರ ನಡುವಿನ ಅನುಪಾತ ನೋಡಿ: 53.8ನ್ನು 21.2ರಿಂದ ಭಾಗಿಸಿದರೆ 2.54, ಚೀಲದ 46ನ್ನು 18ರಿಂದ ಭಾಗಿಸಿದರೆ 2.56. ಇನ್ನು (NH₄)₃PO₄ನ ತೂಕ 149, ಸಾರಜನಕ ಶೇ. 28.2, P₂O₅ ಶೇ. 47.7, ಅನುಪಾತ 1.69. ಚೀಲದಲ್ಲಿ ಇರುವುದು ಯಾವುದು ಎಂಬ ಅನುಮಾನ ಇಲ್ಲಿಗೆ ಪರಿಹಾರ.

ಹನಿ ನೀರಾವರಿಯಲ್ಲಿ ಬಿಡುವ 12-61-0 ಗೊಬ್ಬರ ಇನ್ನೂ ಸ್ಪಷ್ಟ. ಅದು ಮೊನೊ ಅಮೋನಿಯಂ ಫಾಸ್ಫೇಟ್. ಒಂದೇ ಅಮೋನಿಯಂ, ಹಾಗಾಗಿ ಋಣ ಅಯಾನು H₂PO₄⁻, ಸೂತ್ರ NH₄H₂PO₄, ತೂಕ 115. ಸಾರಜನಕ 14/115, ಶೇ. 12.2. P₂O₅ 71/115, ಶೇ. 61.7. ನೀರಿನಲ್ಲಿ ಪೂರ್ತಿ ಕರಗಬೇಕಾದ ಗೊಬ್ಬರವಾದ್ದರಿಂದ ಇದು ಬಹುತೇಕ ಶುದ್ಧವಾಗಿರುತ್ತದೆ, ಅಂಕಿಗಳು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತವೆ.

ಇಲ್ಲಿ ಬಾಣದ ತಪ್ಪೇನೂ ಇರಲಿಲ್ಲ, ಅದಕ್ಕೆ ಕೊಟ್ಟ ಅಯಾನು ಬೇರೆಯಾಗಿತ್ತು ಅಷ್ಟೇ. ಫಾಸ್ಫೇಟ್, ಹೈಡ್ರೊಜನ್ ಫಾಸ್ಫೇಟ್, ಡೈಹೈಡ್ರೊಜನ್ ಫಾಸ್ಫೇಟ್ ಮೂರಕ್ಕೂ ಆವೇಶ ಬೇರೆ ಬೇರೆ. ಸೂತ್ರದಲ್ಲಿ ತಪ್ಪು ಹುಡುಕುವಾಗ ಮೊದಲು ಬಾಣ ನೋಡಬೇಡಿ, ಮೊದಲ ಹಂತದಲ್ಲಿ ಬರೆದ ಅಯಾನು ನೋಡಿ. ಸಲ್ಫೈಡ್ S²⁻, ಸಲ್ಫೈಟ್ SO₃²⁻, ಸಲ್ಫೇಟ್ SO₄²⁻ ಅದಲುಬದಲಾಗುವುದೂ ಇದೇ ಜಾಗದಲ್ಲಿ. ಅವುಗಳಲ್ಲಿ ಇನ್ನೊಂದು ಅಪಾಯವಿದೆ, ಮೂರಕ್ಕೂ −2 ಆವೇಶವೇ ಇರುವುದರಿಂದ ಕೊನೆಯ ತಾಳೆ ಕೂಡ ತಪ್ಪನ್ನು ತೋರಿಸುವುದಿಲ್ಲ.

ಸೂತ್ರದಿಂದ ಹೆಸರಿಗೆ: ಬಾಣವನ್ನು ಹಿಂದಕ್ಕೆ ಓಡಿಸಬೇಡಿ

ಹೆಸರಿನ ಕ್ರಮ ಕಷ್ಟದ್ದಲ್ಲ. ಧನ ಅಯಾನಿನ ಹೆಸರು ಮೊದಲು, ಋಣ ಅಯಾನಿನದು ನಂತರ. ಎಷ್ಟೆಷ್ಟು ಇವೆ ಎಂದು ಹೆಸರಿನಲ್ಲಿ ಹೇಳಬೇಕಿಲ್ಲ, ಆವೇಶ ಗೊತ್ತಿದ್ದವರಿಗೆ ಎಣಿಕೆ ತಾನಾಗಿ ಸಿಗುತ್ತದೆ. MgCl₂ ಎಂದರೆ ಮೆಗ್ನೀಸಿಯಂ ಕ್ಲೋರೈಡ್, ‘ಡೈಕ್ಲೋರೈಡ್’ ಅಲ್ಲ. ಡಿಎಪಿಯ ‘ಡೈ’ ಮಾರುಕಟ್ಟೆಯಲ್ಲಿ ಉಳಿದುಬಂದ ಹೆಸರು, ಅಯಾನುಗಳ ಲೆಕ್ಕದಲ್ಲಿ ಅದನ್ನು ಅಮೋನಿಯಂ ಹೈಡ್ರೊಜನ್ ಫಾಸ್ಫೇಟ್ ಎಂದರೆ ಸಾಕು. ಡೈಹೈಡ್ರೊಜನ್ ಫಾಸ್ಫೇಟ್ ಎನ್ನುವಾಗಿನ ‘ಡೈ’ ಮಾತ್ರ ಬಿಡುವಂತಿಲ್ಲ, ಅದು ಅಯಾನಿನ ಹೆಸರಿನ ಭಾಗ.

ಕಬ್ಬಿಣ, ತಾಮ್ರ, ಸೀಸದಂಥ ಲೋಹಗಳಿಗೆ ಒಂದಕ್ಕಿಂತ ಹೆಚ್ಚು ಆವೇಶ ಇರಬಹುದು. ಅವುಗಳ ಆವೇಶವನ್ನು ರೋಮನ್ ಅಂಕಿಯಲ್ಲಿ ಹೇಳಲೇಬೇಕು. ಇಲ್ಲಿ ಬಹಳ ಜನ ಬಾಣವನ್ನು ಹಿಂದಕ್ಕೆ ಓಡಿಸುತ್ತಾರೆ: FeCl₃ನಲ್ಲಿ ಕ್ಲೋರಿನ್ ಕೆಳಗೆ 3 ಇದೆ, ಆದ್ದರಿಂದ ಐರನ್(III) ಕ್ಲೋರೈಡ್. ಉತ್ತರ ಸರಿ. ಅದೇ ವಿಧಾನದಲ್ಲಿ FeSO₄ ನೋಡಿ. ಸಲ್ಫೇಟ್ ಒಂದೇ ಇದೆ, ಹಾಗಾದರೆ ಐರನ್(I)? ತಪ್ಪು. 2:2 ಎಂಬುದು 1:1 ಆಗಿ ಚಿಕ್ಕದಾಗಿದೆ, ಚಿಕ್ಕದಾದ ಅನುಪಾತದಿಂದ ಮೂಲ ಅಂಕಿಗಳನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. PbO₂ನಲ್ಲೂ ಹಿಂದಕ್ಕೆ ಓಡಿಸಿದರೆ ಲೆಡ್(II) ಎಂದು ಬಂದುಬಿಡುತ್ತದೆ, ನಿಜವಾಗಿ ಅದು ಲೆಡ್(IV).

ಸರಿಯಾದ ದಾರಿ ಋಣ ಅಯಾನಿನಿಂದ ಹೊರಡುವುದು, ಏಕೆಂದರೆ ಅದರ ಆವೇಶ ಗೊತ್ತಿರುತ್ತದೆ. ಕಪ್ಪು ಮಣ್ಣಿನಲ್ಲಿ ಬೆಳೆಯ ಎಳೆ ಎಲೆ ಬಿಳಿಚಿಕೊಂಡರೆ ಸಿಂಪಡಿಸುವ ಫೆರಸ್ ಸಲ್ಫೇಟ್ ಈ FeSO₄ ಲವಣವೇ. SO₄²⁻ ಒಂದು, ಒಟ್ಟು −2. ಕಬ್ಬಿಣವೂ ಒಂದೇ, ಅದು +2 ಇರಬೇಕು. ಐರನ್(II) ಸಲ್ಫೇಟ್. PbO₂ನಲ್ಲಿ O²⁻ ಎರಡು, ಒಟ್ಟು −4, ಸೀಸ ಒಂದು, ಅದು +4. Fe₂O₃ನಲ್ಲಿ ಒಟ್ಟು −6, ಕಬ್ಬಿಣ ಎರಡು, ತಲಾ +3.

ಕಪ್ಪತಗುಡ್ಡದ ಕಬ್ಬಿಣದ ಅದಿರಿನಲ್ಲಿ ಈ Fe₂O₃ ಸಿಗುತ್ತದೆ, ಹೆಮಟೈಟ್ ಎಂದು ಅದರ ಹೆಸರು. ಜೊತೆಗೆ ಮ್ಯಾಗ್ನೆಟೈಟ್ ಕೂಡ ಇರುತ್ತದೆ, Fe₃O₄. ಅದಕ್ಕೂ ಇದೇ ಲೆಕ್ಕ ಹಾಕಿ: ಒಟ್ಟು −8, ಕಬ್ಬಿಣ ಮೂರು, ತಲಾ ಮೂರರಲ್ಲಿ ಎಂಟು. ಭಾಗ ಹೋಗುವುದಿಲ್ಲ. ಲೆಕ್ಕ ಹೀಗೆ ಸಿಕ್ಕಿಕೊಂಡಾಗ ಅದನ್ನು ತಪ್ಪೆಂದು ಅಳಿಸಬೇಡಿ, ಅದು ಒಂದು ಸುಳಿವು. ಆ ಹರಳಿನಲ್ಲಿ ಎರಡು ಬಗೆಯ ಕಬ್ಬಿಣದ ಅಯಾನುಗಳು ಒಟ್ಟಿಗೆ ಇವೆ, ಒಂದು Fe²⁺ ಮತ್ತು ಎರಡು Fe³⁺. 2 + 3 + 3 = 8. ಹೆಸರು ಐರನ್(II,III) ಆಕ್ಸೈಡ್. ಮೂರು ಬಗೆಯ ಅಯಾನು ಸೇರಿದ ಇಂಥ ಸಂಯುಕ್ತಗಳಿಗೆ ಬಾಣ ಎಳೆಯಲು ಜಾಗವೇ ಇಲ್ಲ. ಕೆಸರು ನೀರು ತಿಳಿ ಮಾಡಲು ಹಾಕುವ ಪಟಕವೂ ಹಾಗೆಯೇ: K⁺, Al³⁺ ಸೇರಿ +4, ಅದಕ್ಕೆ ಎರಡು SO₄²⁻, KAl(SO₄)₂, ಹರಳಿನ ನೀರು ಸೇರಿ KAl(SO₄)₂·12H₂O. ಬಾಣ ನಿಂತಲ್ಲಿ ಸೊನ್ನೆಯ ಲೆಕ್ಕ ಮುಂದೆ ಹೋಗುತ್ತದೆ.

ಬಾಣಕ್ಕೂ ಗೊತ್ತಿಲ್ಲದ, ಸೊನ್ನೆಯ ಲೆಕ್ಕಕ್ಕೂ ಗೊತ್ತಿಲ್ಲದ ಒಂದು ವಿಷಯ ಇದೆ: ನೀವು ಬರೆದ ವಸ್ತು ನಿಜವಾಗಿ ಉಳಿಯುತ್ತದೆಯೇ ಎಂಬುದು. Cu²⁺ ಮತ್ತು I⁻ ಸೇರಿಸಿದರೆ ಕಾಗದದ ಮೇಲೆ CuI₂ ಬರುತ್ತದೆ, ಆವೇಶವೂ ಸರಿ. ಪ್ರಯೋಗಶಾಲೆಯಲ್ಲಿ ಮೈಲುತುತ್ತದ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿ ನೋಡಿ, ನೀಲಿ ಹೋಗಿ ಕಂದು ಬಣ್ಣ ಬರುತ್ತದೆ. ಅದು ಬಿಡುಗಡೆಯಾದ ಅಯೊಡಿನ್. ತಳಕ್ಕೆ ಕೂತ ಬಿಳಿ ಪುಡಿ CuI, ಅಂದರೆ ಕಾಪರ್(I) ಅಯೊಡೈಡ್. ಅಯೊಡೈಡ್ ಎಲೆಕ್ಟ್ರಾನ್ ಕೊಟ್ಟು Cu²⁺ ಅನ್ನು Cu⁺ ಮಾಡಿಬಿಡುತ್ತದೆ. ಇದನ್ನು ಯಾವ ಸೂತ್ರದ ಕ್ರಮವೂ ಹೇಳುವುದಿಲ್ಲ, ಆ ಲೋಹದ ರಸಾಯನ ತಿಳಿದಿರಬೇಕು.

ಅಭ್ಯಾಸಕ್ಕೆ ಒಂದು. ಗೊಬ್ಬರದ ಅಂಗಡಿಯಲ್ಲಿ 0-52-34 ಎಂಬ ಪೊಟ್ಟಣ ಸಿಗುತ್ತದೆ. ಅದರಲ್ಲಿ ಸಾರಜನಕ ಇಲ್ಲ, ಹಾಗಾಗಿ ಅಮೋನಿಯಂ ಇಲ್ಲ. ಧನ ಅಯಾನು K⁺, ಋಣ ಅಯಾನು ಮೂರು ಫಾಸ್ಫೇಟುಗಳಲ್ಲಿ ಒಂದು. ಮೂರರ ಜೊತೆಗೂ ಸೂತ್ರ ಬರೆದು, K 39 ಎಂದು ಹಿಡಿದು, K₂O ತೂಕ 94ರಲ್ಲಿ ಒಂದು K ಪಾಲಿಗೆ 47 ಎಂದು ಲೆಕ್ಕ ಹಾಕಿ ನೋಡಿ. 52 ಮತ್ತು 34 ಎರಡೂ ಹೊಂದುವುದು ಒಂದಕ್ಕೇ: KH₂PO₄, ತೂಕ 136, P₂O₅ ಶೇ. 52.2, K₂O ಶೇ. 34.6. ಹೆಸರು ಪೊಟ್ಯಾಸಿಯಂ ಡೈಹೈಡ್ರೊಜನ್ ಫಾಸ್ಫೇಟ್.